ಬಿಪಿ ಸಮೀಕ್ಷೆಗೆ ಎಷ್ಟು ಹಳ್ಳಿ, ಹಳ್ಳಿಗೆ ಎಷ್ಟು ಜನ?

ಒಂದು ತಾಲ್ಲೂಕಿನ ಹಳ್ಳಿಗಳಲ್ಲಿ 30 ವರ್ಷ ದಾಟಿದವರ ಪೈಕಿ ನೂರಕ್ಕೆ ಎಷ್ಟು ಮಂದಿಗೆ ಅಧಿಕ ರಕ್ತದೊತ್ತಡ ಇದೆ ಎಂದು ತಿಳಿಯಬೇಕು ಎಂದಿಟ್ಟುಕೊಳ್ಳಿ. ಇಡೀ ತಾಲ್ಲೂಕಿನ ಹೆಸರುಗಳಿಂದ ಚೀಟಿ ಎತ್ತುವುದು ಪುಸ್ತಕದ ದಾರಿ. ಮತದಾರರ ಪಟ್ಟಿ ಇದೆಯಲ್ಲ ಎನ್ನಬಹುದು. ಆದರೆ ಬೆಂಗಳೂರಿಗೆ ಹೋಗಿ ನೆಲೆಸಿದವರ ಹೆಸರೂ ಅದರಲ್ಲಿ ಉಳಿದಿರುತ್ತದೆ. ಪಟ್ಟಿ ಸರಿಯಿದ್ದರೂ ಈ ಹಳ್ಳಿಯಲ್ಲಿ ಇಬ್ಬರು, ಆ ಹಳ್ಳಿಯಲ್ಲಿ ಒಬ್ಬರು ಎಂದು ಬಿಪಿ ಯಂತ್ರ ಹೊತ್ತು ಊರೂರು ಅಲೆಯಬೇಕಾಗುತ್ತದೆ. ಹಾಗಾಗಿ ಮೊದಲು ಹಳ್ಳಿಗಳನ್ನು ಆರಿಸಿ, ಆಮೇಲೆ ಆ ಹಳ್ಳಿಗಳೊಳಗಿನ ಜನರನ್ನು ಆರಿಸುತ್ತಾರೆ. ಇದೇ ಕ್ಲಸ್ಟರ್ ಸ್ಯಾಂಪ್ಲಿಂಗ್.

ಈ ಅನುಕೂಲಕ್ಕೆ ಬೆಲೆಯೂ ಇದೆ. ಒಂದೇ ಊರಿನವರ ಊಟ, ಉಪ್ಪಿನಕಾಯಿ, ಕೆಲಸ, ಕುಡಿತ, ಹತ್ತಿರದ ಆರೋಗ್ಯ ಕೇಂದ್ರ ಎಲ್ಲವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಅದೇ ಬೀದಿಯ ಇಪ್ಪತ್ತನೆಯ ವ್ಯಕ್ತಿ ಕೊಡುವ ಹೊಸ ಮಾಹಿತಿ, ಬೇರೆ ಊರಿನ ಒಬ್ಬರು ಕೊಡುವುದಕ್ಕಿಂತ ಕಡಿಮೆ. ಈ ನಷ್ಟ ತುಂಬಲು ಮಾದರಿಯ ಗಾತ್ರವನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಎಂಬುದೇ ಡಿಸೈನ್ ಎಫೆಕ್ಟ್.

ಲೆಕ್ಕ ಮಾಡೋಣ. ನೂರಕ್ಕೆ 30 ಮಂದಿಗೆ ಬಿಪಿ ಇರಬಹುದೆಂಬ ಅಂದಾಜು ಇದೆ, ಉತ್ತರದಲ್ಲಿ 5 ಅಂಶದಷ್ಟು ಆಚೀಚೆ ಆದರೂ ಪರವಾಗಿಲ್ಲ. ವೈದ್ಯ ವಿದ್ಯಾರ್ಥಿಗಳು ಬಳಸುವ ಪರಿಚಿತ ಸೂತ್ರ:

4pq / L² = 4 × 30 × 70 / 25 = 336

ಇದು ಚೀಟಿ ಎತ್ತುವ ಸಮೀಕ್ಷೆಗೆ ಬೇಕಾದ ಸಂಖ್ಯೆ. ಇದನ್ನು ಡಿಸೈನ್ ಎಫೆಕ್ಟ್‌ನಿಂದ ಗುಣಿಸಬೇಕು:

DEFF = 1 + (m − 1) × ρ

ಇಲ್ಲಿ m ಎಂದರೆ ಹಳ್ಳಿಗೆ ಎಷ್ಟು ಜನ. ρ ಎಂದರೆ ಒಂದೇ ಹಳ್ಳಿಯವರು ಎಷ್ಟು ಒಂದೇ ತರಹ ಎಂಬುದರ ಅಳತೆ. ಸೊನ್ನೆಯಾದರೆ ಊರಿನವರಿಗೂ ಪರವೂರಿನವರಿಗೂ ಭೇದವಿಲ್ಲ, 1 ಆದರೆ ಊರಿಗೆ ಊರೇ ಒಂದೇ. ಇದನ್ನು ಇಂಥದೇ ಪ್ರದೇಶದ ಹಿಂದಿನ ಸಮೀಕ್ಷೆಯಿಂದ ಪಡೆಯಬೇಕು. ನಮ್ಮ ಉದಾಹರಣೆಗೆ 0.03 ಇರಲಿ.

ಹಳ್ಳಿಗೆ 20 ಜನರಾದರೆ 1 + 19 × 0.03 = 1.57. ಅಂದರೆ 528 ಮಂದಿ ಬೇಕು. ನೂರಕ್ಕೆ ಹತ್ತು ಮಂದಿ ಸಿಗುವುದಿಲ್ಲ ಎಂದುಕೊಂಡರೆ 30 ಹಳ್ಳಿ, ತಲಾ 20, ಒಟ್ಟು 600 ಜನರನ್ನು ಆರಿಸಿದರೆ ಸಾಕು. ಪೆಟ್ರೋಲ್ ಉಳಿಸಲು 10 ಹಳ್ಳಿ, ತಲಾ 60 ಎಂದರೆ? ಒಟ್ಟು ಅದೇ 600. ಆದರೆ ಡಿಸೈನ್ ಎಫೆಕ್ಟ್ 2.77ಕ್ಕೆ ಏರುತ್ತದೆ, ಬೇಕಾದ ಸಂಖ್ಯೆ 931 ಆಗುತ್ತದೆ. 600 ಜನರನ್ನು ಅಳೆದೂ ಸುಮಾರು 217 ಚೀಟಿಗಳ ಬೆಲೆ ಮಾತ್ರ ಸಿಗುತ್ತದೆ. ಅನುದಾನ ಕಡಿಮೆಯಿದ್ದರೆ ಹಳ್ಳಿಗಳನ್ನು ಬಿಡಬೇಡಿ, ಪ್ರತಿ ಹಳ್ಳಿಯ ಜನರನ್ನು ಕಡಿಮೆ ಮಾಡಿ. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಮುಖ್ಯವಾದದ್ದು ಇದೇ.

ಹಳ್ಳಿಗಳ ಆಯ್ಕೆ ಜನಸಂಖ್ಯೆಗೆ ತಕ್ಕಂತೆ ನಡೆಯಬೇಕು. ಜನಗಣತಿಯ ಪಟ್ಟಿಯಲ್ಲಿ ಪ್ರತಿ ಹಳ್ಳಿಯ ಸಂಖ್ಯೆಯನ್ನು ಕೂಡುತ್ತಾ ಬನ್ನಿ. ಒಟ್ಟು 1,20,000 ಆದರೆ ಅದನ್ನು 30ರಿಂದ ಭಾಗಿಸಿ: 4,000. ಒಂದರಿಂದ ನಾಲ್ಕು ಸಾವಿರದೊಳಗೆ ಕುರುಡಾಗಿ ಒಂದು ಸಂಖ್ಯೆ ಎತ್ತಿ, 1,730 ಬಂತೆನ್ನಿ. ಕೂಡುತ್ತಾ ಬಂದ ಮೊತ್ತ 1,730 ಮುಟ್ಟುವ ಹಳ್ಳಿ ಮೊದಲನೆಯದು, 5,730 ಮುಟ್ಟುವುದು ಎರಡನೆಯದು, ಮುಂದೆ 9,730. ದೊಡ್ಡ ಊರು ಎರಡು ಸಲ ಬಂದರೆ ಅಲ್ಲಿ 40 ಜನ.

ಊರೊಳಗೆ ಹೋದ ಮೇಲೆ ದೇವಸ್ಥಾನದ ಮುಂದಿನ ಬೀದಿ ಹಿಡಿದು ಸಾಲುಮನೆ ಅಳೆಯುವುದು ಸುಲಭ. ಆದರೆ ತೋಟದ ಮನೆಗಳೂ ಊರಂಚಿನ ಕೇರಿಯೂ ಬಿಟ್ಟುಹೋಗುತ್ತವೆ. ಆಶಾ ಕಾರ್ಯಕರ್ತೆಯ ಬಳಿ ಮನೆಗಳ ಪಟ್ಟಿ ಇರುತ್ತದೆ. 200 ಮನೆ ಇದ್ದರೆ ಮೊದಲ ಹತ್ತರಲ್ಲಿ ಒಂದನ್ನು ಚೀಟಿಯಿಂದ ಆರಿಸಿ, ಅಲ್ಲಿಂದ ಹತ್ತಕ್ಕೊಂದರಂತೆ ಹೋಗಿ. ಆ ಮನೆಯಲ್ಲಿ 30 ದಾಟಿದವರ ಹೆಸರು ಬರೆದು ಒಬ್ಬರನ್ನು ಚೀಟಿಯಿಂದಲೇ ಆರಿಸಿ, ಎಷ್ಟು ಮಂದಿ ಇದ್ದರೆಂದೂ ಬರೆದಿಡಿ. ವಿಶ್ಲೇಷಣೆಯಲ್ಲಿ ತೂಕ ಕೊಡಲು ಬೇಕು. ಗಂಡಸರು ಹೊಲಕ್ಕೆ ಹೋಗಿದ್ದಾರೆಂದು ಮನೆಯಲ್ಲಿದ್ದ ಅತ್ತೆಯ ಬಿಪಿ ನೋಡಿ ಮುಗಿಸಬೇಡಿ. ಬೆಳಿಗ್ಗೆ ಬೇಗ ಅಥವಾ ಸಂಜೆ ಮತ್ತೆ ಹೋಗಿ.

ಪ್ರತಿಯೊಬ್ಬರಿಗೂ ಮೂರು ಸಲ ಅಳೆದು ಕೊನೆಯ ಎರಡರ ಸರಾಸರಿ ಹಿಡಿಯಿರಿ. ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದವರೂ, ಮಾತ್ರೆ ನುಂಗುತ್ತಿರುವವರೂ ಲೆಕ್ಕಕ್ಕೆ ಬರುತ್ತಾರೆ.

ಇಲ್ಲೊಂದು ಕಣ್ಣಿಗೆ ಬೀಳದ ತೊಡಕಿದೆ. ಒಂದು ಹಳ್ಳಿಗೆ ಒಬ್ಬನೇ ಅಳೆಯುವವನು ಹೋದರೆ ಅವನ ಕೈಗುಣವೂ ಊರಿನ ಗುಣವಾಗಿ ದಾಖಲಾಗುತ್ತದೆ. ಅವನು ಎಲ್ಲರಿಗೂ ಸ್ವಲ್ಪ ಹೆಚ್ಚು ಬರೆದರೆ ಆ ಊರಿನವರೆಲ್ಲ ಇನ್ನಷ್ಟು ಒಂದೇ ತರಹ ಕಾಣುತ್ತಾರೆ, ρ ಸುಳ್ಳಾಗಿ ಏರುತ್ತದೆ. ಅಳೆಯುವವರನ್ನು ಹಳ್ಳಿಗಳಲ್ಲಿ ಬೆರೆಸಿ ಕಳಿಸಿ, ಪ್ರತಿ ಅಳತೆಯ ಮುಂದೆ ಅಳೆದವರ ಗುರುತು ಬರೆಸಿ. ಒಬ್ಬರ ಸರಾಸರಿ ಮಾತ್ರ ಎಲ್ಲ ಊರಲ್ಲೂ ಮೇಲಿದ್ದರೆ ದೋಷ ಊರಿನದಲ್ಲ.

ಕೊನೆಯಲ್ಲಿ ನಿಜವಾದ ಡಿಸೈನ್ ಎಫೆಕ್ಟ್ ಲೆಕ್ಕ ಹಾಕಿ ವರದಿಯಲ್ಲಿ ಬರೆಯಿರಿ. ಉಚಿತವಾಗಿ ಸಿಗುವ ಎಪಿ ಇನ್ಫೊದಲ್ಲಿ ಸಂಕೀರ್ಣ ಮಾದರಿಗಳ ವಿಭಾಗ ಅದನ್ನು ಕೊಡುತ್ತದೆ. ಪ್ರತಿ ಪ್ರಶ್ನೆಗೂ ಅದು ಬೇರೆ. ಬಿಪಿ ಇರುವುದಕ್ಕೆ 1.5 ಬಂದ ಕಡೆಯಲ್ಲೇ ಮಾತ್ರೆ ತೆಗೆದುಕೊಳ್ಳುವುದಕ್ಕೆ 3 ಬರಬಹುದು, ಏಕೆಂದರೆ ಮಾತ್ರೆ ಸಿಗುವುದೋ ಇಲ್ಲವೋ ಎಂಬುದು ಊರಿಗೆ ಊರೇ ಹಂಚಿಕೊಂಡ ಸಂಗತಿ. ಚಿಕಿತ್ಸೆಯೇ ನಿಮ್ಮ ಮುಖ್ಯ ಪ್ರಶ್ನೆಯಾಗಿದ್ದರೆ ಮೇಲಿನ 600 ಸಾಲದು. ಹಳ್ಳಿಗಳ ಸಂಖ್ಯೆಯನ್ನೇ ಹೆಚ್ಚಿಸಬೇಕಾಗುತ್ತದೆ.