ಫ್ಯಾನಿನ ಪಾಯಿಂಟಿಗೆ ಹೀಟರ್ ಕೊಡಬಹುದೇ?

ಪ್ರಶ್ನೆ: ಡಿಸೆಂಬರ್ ಬೆಳಗ್ಗೆ ನಮ್ಮ ಮಲಗುವ ಕೋಣೆ ಕೊರೆಯುತ್ತದೆ. ಚಾವಣಿಯ ಫ್ಯಾನ್ ಇಳಿಸಿ, ಅದೇ ಪಾಯಿಂಟಿಗೆ ಹೀಟರ್ ಕೂಡಿದ ಫ್ಯಾನ್ ಹಾಕಿಸಬಹುದೇ? ಹೀಟರ್ 2000 ವ್ಯಾಟ್. ಹಳೆಯ ರೆಗ್ಯುಲೇಟರ್ ಸಾಕೇ?
— ಓದುಗರು, ಮಡಿಕೇರಿ

ಉತ್ತರ: ಜಾಗ ಅದೇ ಇರಲಿ, ವೈರ್ ಮಾತ್ರ ಬೇರೆ ಬೇಕು. ಸಾಮಾನ್ಯ ಫ್ಯಾನ್ ಸುಮಾರು 75 ವ್ಯಾಟಿನದು. ಎಳೆಯುವ ಕರೆಂಟು ಅರ್ಧ ಆಂಪಿಯರ್ ಕೂಡ ಅಲ್ಲ. ನಿಮ್ಮ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ದೀಪ, ಫ್ಯಾನುಗಳ ಸರ್ಕ್ಯೂಟಿಗೆ ಸಾಮಾನ್ಯವಾಗಿ ಇರುವುದು ತೆಳು ವೈರ್ ಮತ್ತು 6 ಆಂಪಿಯರಿನ ಎಂಸಿಬಿ.

ಎಂಸಿಬಿ ಬಿದ್ದುಹೋಗುತ್ತದಲ್ಲ, ಇನ್ನೇನು ಭಯ ಎನ್ನಬೇಡಿ. ಇಷ್ಟು ಹೊರೆಗೆ ಅದು ತಕ್ಷಣ ಬೀಳುವುದಿಲ್ಲ, ಬಹಳ ಹೊತ್ತು ತಡೆದುಕೊಳ್ಳಬಹುದು. ಅಷ್ಟರಲ್ಲಿ ಸ್ವಿಚ್ಚು, ಸಡಿಲವಾದ ಜೋಡಣೆಗಳು ಬಿಸಿಯಾಗುತ್ತವೆ. ಪದೇಪದೇ ಬೀಳುತ್ತದೆಂದು ಯಾರಾದರೂ ಅದನ್ನು ತೆಗೆದು 16 ಆಂಪಿಯರಿನದು ಹಾಕಿದರೆ ಇನ್ನೂ ಕೆಟ್ಟದ್ದು: ಆಮೇಲೆ ಎಂಸಿಬಿ ಬೀಳುವುದೇ ಇಲ್ಲ, ಗೋಡೆಯೊಳಗಿನ ವೈರ್ ಬೇಯಬಹುದು. ಸ್ವಿಚ್ ಬೋರ್ಡ್ ಮುಟ್ಟಿದರೆ ಬೆಚ್ಚಗಿದ್ದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಮೊದಲು ಮೇನ್ ಆಫ್ ಮಾಡಿ.

ಆದ್ದರಿಂದ ಡಿಬಿ ಬಾಕ್ಸಿನಿಂದ ಅರ್ಥ್ ಸಹಿತ 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, 16 ಆಂಪಿಯರಿನ ಎಂಸಿಬಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಡಬಲ್ ಪೋಲ್ ಸ್ವಿಚ್ ಹಾಕಿಸಿ. ಹಳೆಯ ಮನೆಗಳ ಫ್ಯಾನ್ ಪಾಯಿಂಟಿನಲ್ಲಿ ಅರ್ಥ್ ವೈರೇ ಇರುವುದಿಲ್ಲ, ಕೇಳಿ ನೋಡಿ.

ರೆಗ್ಯುಲೇಟರ್ ಫ್ಯಾನಿನ ಮೋಟಾರಿಗಷ್ಟೇ. ಹೀಟರಿನ ಕರೆಂಟು ಅದರ ಮೂಲಕ ಹರಿಯಲೇಬಾರದು. ಹರಿದರೆ ರೆಗ್ಯುಲೇಟರೇ ಸುಟ್ಟುಹೋದೀತು. ಇಂಥ ಯೂನಿಟ್ಟಿನಲ್ಲಿ ಗಾಳಿಯೇ ಕಾಯಿಲನ್ನು ತಣ್ಣಗಿಡುವುದು, ಹಾಗಾಗಿ ಫ್ಯಾನ್ ತಿರುಗದೆ ಹೀಟರ್ ಉರಿಯದಂತೆ ಜೋಡಿಸಿದ ಮಾದರಿಯನ್ನೇ ಆರಿಸಿ. ಆಫ್ ಮಾಡುವಾಗ ಮೊದಲು ಹೀಟರ್, ಒಂದೆರಡು ನಿಮಿಷದ ನಂತರ ಫ್ಯಾನ್. ಒಳಗಿನ ಥರ್ಮಲ್ ಕಟೌಟ್ ಮತ್ತೆಮತ್ತೆ ಹೀಟರನ್ನು ನಿಲ್ಲಿಸುತ್ತಿದ್ದರೆ ಧೂಳು ಕಟ್ಟಿರಬಹುದು, ಇಲ್ಲವೇ ಮೋಟಾರ್ ಸೋತಿರಬಹುದು. ಕಟೌಟನ್ನು ಬೈಪಾಸ್ ಮಾಡಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್‌ಗೆ ನಮಸ್ಕಾರ ಹೇಳಿ ಕಳಿಸಿ.

ಮೊದಲ ಹತ್ತು ಹದಿನೈದು ನಿಮಿಷ 2000, ಆಮೇಲೆ 1000 ವ್ಯಾಟಿಗೆ ಇಳಿಸುವ ಸೌಲಭ್ಯವಿದ್ದರೆ ಒಳ್ಳೆಯದು. ಪೂರ್ತಿ ಶಕ್ತಿಯಲ್ಲಿ ಅರ್ಧ ಗಂಟೆಗೆ ಒಂದು ಯೂನಿಟ್ ಖರ್ಚು. ಬಿಸಿಗಾಳಿ ಮೇಲೆಯೇ ನಿಲ್ಲುವುದರಿಂದ ಅದನ್ನು ಕೆಳಗೆ ತಳ್ಳಲು ಫ್ಯಾನ್ ಬೇಕೇ ಬೇಕು. ಅಟ್ಟವಿಲ್ಲದ ಹಂಚಿನ ಮನೆಯಾದರೆ ದುಡ್ಡು ವ್ಯರ್ಥ, ಬಿಸಿ ಸಂದಿಗಳಲ್ಲೇ ಹೊರಟುಹೋಗುತ್ತದೆ.

ತೂಗುವ ಕೊಕ್ಕೆ ಕಾಂಕ್ರೀಟ್ ಸ್ಲ್ಯಾಬಿನಲ್ಲಿ ಬಿಗಿದಿರಲಿ, ಜಿಪ್ಸಂ ಫಾಲ್ಸ್ ಸೀಲಿಂಗಿನಲ್ಲಲ್ಲ. ಮರದ ಚಾವಣಿಯಾದರೆ ತೊಲೆಗೇ ಬಿಗಿಸಬೇಕು. ಅದೂ ತಯಾರಕರ ಕೈಪಿಡಿ ಮರಕ್ಕೆ ಒಪ್ಪಿದ್ದರೆ, ಅದು ಹೇಳಿದಷ್ಟು ಅಂತರ ಬಿಟ್ಟು ಮಾತ್ರ. ಮಂಚದ ಮೇಲೆ ಸೊಳ್ಳೆಪರದೆ ಕಟ್ಟುವ ಅಭ್ಯಾಸವಿದ್ದರೆ ಯೂನಿಟ್ಟನ್ನು ಮಂಚದಿಂದ ದೂರ ಸರಿಸಿ ಕೂರಿಸಿ.