ಬಡ್ಡಿ ಶೇ 12, ಸಾಲದ ಬೆಲೆ ಶೇ 16

ಸಾಲದ ಮಂಜೂರಾತಿ ಪತ್ರ ಕೈಗೆ ಬಂದಾಗ ನಮ್ಮಲ್ಲಿ ಹೆಚ್ಚಿನವರು ನೋಡುವುದು ಬಡ್ಡಿ ದರ ಮತ್ತು ತಿಂಗಳ ಕಂತು, ಈ ಎರಡನ್ನೇ. ಇಂಥ ಪತ್ರಗಳನ್ನು ಓದುತ್ತಾ ಬಂದ ಅನುಭವದಿಂದ ನಾನು ಹೇಳುವುದು ಬೇರೆ: ಮೊದಲು ನೋಡಬೇಕಾದದ್ದು ಖಾತೆಗೆ ನಿಜವಾಗಿ ಜಮೆಯಾಗುವ ಮೊತ್ತ. ಸಾಲ ಎಷ್ಟು ದುಬಾರಿ ಎಂಬುದನ್ನು ತಿಳಿಸುವುದು ಆ ಮೊತ್ತ ಮತ್ತು ನೀವು ಕಟ್ಟುವ ಕಂತುಗಳ ನಡುವಿನ ಲೆಕ್ಕ. ಪತ್ರದಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾದ ಬಡ್ಡಿ ದರ ಅದರ ಒಂದು ಭಾಗ ಮಾತ್ರ.

ಮೂರು ವರ್ಷದ ಅವಧಿಗೆ 5 ಲಕ್ಷ ರೂಪಾಯಿ ವೈಯಕ್ತಿಕ ಸಾಲದ ಎರಡು ಪತ್ರಗಳು ಮುಂದಿವೆ ಎಂದುಕೊಳ್ಳೋಣ. ಮೊದಲನೆಯದರಲ್ಲಿ ಬಡ್ಡಿ ಶೇ 12, ಕಂತು ಸುಮಾರು 16,607 ರೂಪಾಯಿ. ಆದರೆ ಪ್ರೊಸೆಸಿಂಗ್ ಶುಲ್ಕ ಶೇ 2, ಅಂದರೆ 10,000. ಅದರ ಮೇಲೆ ಶೇ 18ರ ಜಿಎಸ್‌ಟಿ 1,800. ಜೊತೆಗೆ ಸಾಲ ಸುರಕ್ಷಾ ವಿಮೆಯ ಒಂದೇ ಕಂತಿನ ಪ್ರೀಮಿಯಂ 15,000. ಇವೆಲ್ಲ ಮುರಿದುಕೊಂಡ ಮೇಲೆ ಖಾತೆಗೆ ಬರುವುದು 4,73,200; ಕಂತು ಮಾತ್ರ ಪೂರ್ತಿ 5 ಲಕ್ಷಕ್ಕೆ. ಎರಡನೆಯ ಪತ್ರದಲ್ಲಿ ಬಡ್ಡಿ ಶೇ 13, ಕಂತು 16,847, ಶುಲ್ಕ ಅರ್ಧ ಶೇಕಡಾ, ವಿಮೆ ಇಲ್ಲ. ತೆರಿಗೆಯೂ ಸೇರಿ ಕಡಿತ 2,950. ಇಲ್ಲಿ ಕಂತು ತಿಂಗಳಿಗೆ 240 ರೂಪಾಯಿ ಹೆಚ್ಚು, ಮೂರು ವರ್ಷಕ್ಕೆ 8,640. ಆದರೆ ಆರಂಭದಲ್ಲೇ ಕೈಗೆ 23,850 ರೂಪಾಯಿ ಹೆಚ್ಚು ಬರುತ್ತದೆ. ಎಲ್ಲ ಕಡಿತಗಳನ್ನೂ ಸೇರಿಸಿ ವಾರ್ಷಿಕ ದರ ತೆಗೆದರೆ ಮೊದಲ ಸಾಲ ಸುಮಾರು ಶೇ 15.9ಕ್ಕೆ ಬೀಳುತ್ತದೆ, ಎರಡನೆಯದು ಶೇ 13.4ಕ್ಕೆ. ಕಡಿಮೆ ಬಡ್ಡಿಯ ಸಾಲವೇ ದುಬಾರಿ.

ಈ ಲೆಕ್ಕವನ್ನು ಸಾಲಗಾರರೇ ಹಾಕಿಕೊಳ್ಳಬೇಕಾಗಿಲ್ಲ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ರಿಟೇಲ್ ಸಾಲಗಳಿಗೆ ‘ಕೆಎಫ್‌ಎಸ್’ ಎಂಬ ಮುಖ್ಯಾಂಶಗಳ ಪತ್ರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೇಳುವ ಹಕ್ಕು ನಿಮಗಿದೆ. ಅದರಲ್ಲಿ ‘ಎಪಿಆರ್’ ಎಂಬ ವಾರ್ಷಿಕ ದರ ಇರುತ್ತದೆ. ಸಾಲ ಕೊಡುವ ಸಂಸ್ಥೆ ವಿಮಾ ಕಂಪನಿಯ ಪರವಾಗಿ ವಸೂಲು ಮಾಡುವ ಪ್ರೀಮಿಯಂ ಕೂಡ ಈ ದರದೊಳಗೆ ಸೇರಬೇಕು. ಎರಡು ಸಾಲಗಳನ್ನು ಹೋಲಿಸಲು ಇದೇ ಸರಿಯಾದ ಅಂಕಿ.

ಆದರೆ ಸಾಲ ಬೇಗ ತೀರಿಸಿದರೆ ಬೀಳುವ ಶುಲ್ಕ ಎಪಿಆರ್‌ನಲ್ಲಿ ಇರುವುದಿಲ್ಲ; ಅದನ್ನು ಬೇರೆಡೆ ಹುಡುಕಬೇಕು. ಬಡ್ಡಿ ಸ್ಥಿರವೋ ಫ್ಲೋಟಿಂಗೋ ಎಂಬ ಸಾಲಿನ ಮಹತ್ವ ತಿಳಿಯುವುದು ಆಗಲೇ. 2026ರ ಜನವರಿ 1ರಂದು ಅಥವಾ ನಂತರ ಮಂಜೂರಾದ, ವ್ಯಕ್ತಿಗಳು ವ್ಯವಹಾರೇತರ ಉದ್ದೇಶಕ್ಕೆ ಪಡೆದ ಫ್ಲೋಟಿಂಗ್ ದರದ ಸಾಲಕ್ಕೆ ಬ್ಯಾಂಕಾಗಲಿ ಹಣಕಾಸು ಕಂಪನಿಯಾಗಲಿ ಅವಧಿಪೂರ್ವ ತೀರುವಳಿ ಶುಲ್ಕ ಹಾಕುವಂತಿಲ್ಲ. ವೈಯಕ್ತಿಕ ಸಾಲಗಳು ಬಹುಪಾಲು ಸ್ಥಿರ ದರದವು. ಅವಕ್ಕೆ ಈ ರಕ್ಷಣೆ ಇಲ್ಲ. ನಮ್ಮ ಮೊದಲ ಉದಾಹರಣೆಯಲ್ಲಿ ಹನ್ನೆರಡು ಕಂತು ಕಟ್ಟಿದ ಮೇಲೆ ಬಾಕಿ ಸುಮಾರು 3,52,800. ಪತ್ರದಲ್ಲಿ ಶೇ 4 ಎಂದಿದ್ದರೆ ಸಾಲ ಮುಗಿಸಲು ಸುಮಾರು 14,100 ರೂಪಾಯಿ ದಂಡ ತೆರಬೇಕು. ವರ್ಷದೊಳಗೆ ಹಣ ಕೈಸೇರುವ ನಿರೀಕ್ಷೆ ಇರುವವರಿಗೆ ಈ ಒಂದು ಸಾಲು ಬಡ್ಡಿ ದರದಷ್ಟೇ ಮುಖ್ಯ.

ಸಾಲಗಾರ ತೀರಿಕೊಂಡರೆ ಮನೆಯವರ ಮೇಲೆ ಹೊರೆ ಬೀಳದಿರಲು ವಿಮೆ ಬೇಡವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ದುಡಿಯುವ ಒಬ್ಬರನ್ನೇ ನೆಚ್ಚಿದ ಮನೆಗೆ ವಿಮೆ ಬೇಕು. ಆದರೆ ಅದನ್ನು ಇದೇ ಸಂಸ್ಥೆಯಿಂದ, ಇದೇ ಬೆಲೆಗೆ ಕೊಳ್ಳಬೇಕೆಂದಿಲ್ಲ. ಪ್ರತ್ಯೇಕವಾಗಿ ಕೊಂಡ ಟರ್ಮ್ ವಿಮೆ ಸಾಲ ತೀರಿದ ಮೇಲೂ ಉಳಿಯುತ್ತದೆ, ಅದರ ಹಣ ನೇರವಾಗಿ ಮನೆಯವರಿಗೆ ಸೇರುತ್ತದೆ. ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೇ ಸೇರಿಸಿದ್ದರೆ ಅದರ ಮೇಲೂ ಬಡ್ಡಿ ಕಟ್ಟುತ್ತೀರಿ ಎಂಬುದನ್ನು ಮರೆಯಬಾರದು. ಈಗಾಗಲೇ ಸಹಿ ಹಾಕಿದ್ದರೆ, ಜೀವ ವಿಮಾ ಪಾಲಿಸಿ ಕೈಸೇರಿದ 30 ದಿನದೊಳಗೆ ಅದನ್ನು ಹಿಂದಿರುಗಿಸಲು ಅವಕಾಶವಿದೆ.

ಹೆಚ್ಚು ಪ್ರಶ್ನೆ ಕೇಳಿದರೆ ಸಾಲವೇ ಕೈತಪ್ಪೀತು ಎಂಬ ಅಂಜಿಕೆ ಇನ್ನೊಂದು. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲದ ಕೆಎಫ್‌ಎಸ್ ಕನಿಷ್ಠ ಮೂರು ಕೆಲಸದ ದಿನ ಊರ್ಜಿತದಲ್ಲಿರಬೇಕು. ಅಷ್ಟರೊಳಗೆ ನೀವು ಒಪ್ಪಿದರೆ ಅದೇ ಷರತ್ತುಗಳಿಗೆ ಸಂಸ್ಥೆಯೂ ಬದ್ಧ. ಅದರಲ್ಲಿ ಕಾಣಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಮುಂದೆ ವಸೂಲು ಮಾಡುವಂತಿಲ್ಲ. ಆ ಮೂರು ದಿನಗಳನ್ನು ಬಳಸಿಕೊಳ್ಳಿ: ಕೈಗೆ ಬರುವ ಮೊತ್ತ, ಎಪಿಆರ್, ದರದ ಬಗೆ, ತೀರುವಳಿ ಶುಲ್ಕ, ಈ ನಾಲ್ಕಕ್ಕೆ ಗುರುತು ಹಾಕಿ, ಇನ್ನೊಂದು ಕಡೆಯ ಪತ್ರದೊಂದಿಗೆ ಹೋಲಿಸಿ ನೋಡಿದ ಮೇಲಷ್ಟೇ ಸಹಿ ಮಾಡಿ.