ಕೊಂಡ ಬಿಲ್ಲೂ ಕಂಡ ಲೆಕ್ಕವೂ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ನಮ್ಮೂರು. ಅಲ್ಲಿ ನಮ್ಮ ಸೋದರಮಾವನವರದೊಂದು ಪೈಪು, ವೈರುಗಳ ಅಂಗಡಿಯುಂಟು. ಅಡಿಕೆ ತೋಟದವರೇ ಅವರ ಗಿರಾಕಿಗಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದುದರಿಂದ ಕಾಗದಪತ್ರದ ಕೆಲಸವೆಲ್ಲ ನನ್ನ ಪಾಲಿಗೆ ಬರುವುದು ವಾಡಿಕೆ. 2025ರ ನವೆಂಬರಿನಲ್ಲಿ ಮಾವ ನಾಲ್ಕು ಬಿಲ್ಲುಗಳನ್ನು ನನ್ನ ಮುಂದಿಟ್ಟು, "ಸರಕಿನ ಜೊತೆಗೇ ತೆರಿಗೇನೂ ಕೊಟ್ಟಿದ್ದೀನಿ. ಮತ್ತೆ ಕಟ್ಟು ಅಂತಾರಲ್ಲ, ಇದ್ಯಾವ ನ್ಯಾಯನಪ್ಪ?" ಎಂದರು. ಅದಕ್ಕೆ ಉತ್ತರ ಹುಡುಕುತ್ತ ನಾನು ಕಲಿತುದನ್ನು ಇಲ್ಲಿ ಬರೆದಿದ್ದೇನೆ.

ವರ್ತಕನು ಗಿರಾಕಿಗಳಿಂದ ವಸೂಲು ಮಾಡಿದ ತೆರಿಗೆಯಲ್ಲಿ, ತಾನು ಸರಕು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಕಳೆದು ಉಳಿದುದನ್ನು ಸರ್ಕಾರಕ್ಕೆ ಕಟ್ಟುತ್ತಾನೆ. ಹೀಗೆ ಕಳೆಯುವ ಮೊತ್ತಕ್ಕೆ ಹೂಡುವಳಿ ತೆರಿಗೆ ಜಮೆ ಎಂದು ಹೆಸರು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಹೊಸದರಲ್ಲಿ ಕೈಯಲ್ಲಿರುವ ಬಿಲ್ಲಿನ ಮೇಲೆಯೇ ಜಮೆ ಪಡೆಯುತ್ತಿದ್ದರು. 2019ರ ಅಕ್ಟೋಬರಿನಿಂದ ಈ ಸಡಿಲು ಬಿಗಿಯಾಗುತ್ತ ಬಂತು. 2022ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮವಂತೂ ಸ್ಪಷ್ಟವಾಗಿದೆ: ಮಾರಿದವನು ಆ ಬಿಲ್ಲನ್ನು ತನ್ನ GSTR-1 ಎಂಬ ಲೆಕ್ಕಪತ್ರದಲ್ಲಿ ತೋರಿಸಿರಬೇಕು, ಅದು ಕೊಂಡವನ GSTR-2B ಪಟ್ಟಿಯಲ್ಲಿ ಕಾಣಬೇಕು. ಆಗ ಮಾತ್ರ ಜಮೆ.

ತಿಂಗಳಿಗೊಮ್ಮೆ ಲೆಕ್ಕ ಕೊಡುವವರು ಮುಂದಿನ ತಿಂಗಳ 11ರೊಳಗೆ GSTR-1 ಸಲ್ಲಿಸಬೇಕು. 14ರಂದು ಪಟ್ಟಿ ಸಿದ್ಧವಾಗುತ್ತದೆ. 20ರೊಳಗೆ ತೆರಿಗೆ ಕಟ್ಟಬೇಕು. ತಾಳೆ ನೋಡುವುದಕ್ಕೆ ನಡುವೆ ಸಿಗುವುದು ಆರೇ ದಿನ.

ಈಗ ಮಾವನವರ ಅಕ್ಟೋಬರಿನ ಲೆಕ್ಕವನ್ನು ನೋಡೋಣ. ಮಾರಾಟ 2,50,000 ರೂಪಾಯಿ. ಶೇಕಡ 18ರಂತೆ ತೆರಿಗೆ 45,000. ಕೊಂಡ ನಾಲ್ಕು ಬಿಲ್ಲುಗಳಲ್ಲಿದ್ದ ತೆರಿಗೆ ಕ್ರಮವಾಗಿ 18,000, 9,000, 7,200 ಮತ್ತು 5,400, ಒಟ್ಟು 39,600. ಆದುದರಿಂದ 5,400 ಕಟ್ಟಿದರೆ ತೀರಿತೆಂದು ಅವರು ನಂಬಿದ್ದರು.

ಪಟ್ಟಿಯನ್ನು ತೆರೆದು ಒಂದೊಂದೇ ಬಿಲ್ಲನ್ನು ಪಕ್ಕಕ್ಕಿಟ್ಟು ನೋಡಿದೆವು. ಮೊದಲನೆಯದು ಸರಿಯಾಗಿತ್ತು. ಎರಡನೆಯದು ಇಲ್ಲವೆಂದೇ ತೋರಿತು. ಆದರೆ ಮಾರಿದವರ ನೋಂದಣಿ ಸಂಖ್ಯೆ, ತಾರೀಖು, ಮೊತ್ತಗಳನ್ನು ಹಿಡಿದು ಹುಡುಕಿದಾಗ ಸಿಕ್ಕಿತು: ಬಿಲ್ಲಿನಲ್ಲಿ 0187 ಎಂದಿದ್ದುದು ಪಟ್ಟಿಯಲ್ಲಿ 187 ಆಗಿತ್ತು. ಬಿಲ್ಲಿನ ಸಂಖ್ಯೆಯೊಂದನ್ನೇ ನೆಚ್ಚಿದ್ದರೆ 9,000 ರೂಪಾಯಿಗಳ ಜಮೆ ಆ ತಿಂಗಳು ತಪ್ಪುತ್ತಿತ್ತು.

ಮೂರನೆಯದು ನಿಜವಾಗಿಯೂ ಇರಲಿಲ್ಲ. ಮಾರಿದವರಿಗೆ ಫೋನು ಮಾಡಿದಾಗ ಅವರು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡುವ ಸಣ್ಣ ವರ್ತಕರೆಂದು ತಿಳಿಯಿತು. ಅಂಥವರೂ ಇಚ್ಛೆಯಿದ್ದರೆ ನಡುವಿನ ತಿಂಗಳ ಬಿಲ್ಲುಗಳನ್ನು 13ರೊಳಗೆ ಏರಿಸಬಹುದು, ಇವರು ಏರಿಸಿರಲಿಲ್ಲ. ಹಾಗಾಗಿ ಆ 7,200 ಜನವರಿ 14ರ ಪಟ್ಟಿಯವರೆಗೆ ಕಾಯಬೇಕಾಯಿತು. ಇಲ್ಲಿ ಯಾರದೂ ತಪ್ಪಿಲ್ಲ, ತಡವಷ್ಟೆ.

ನಾಲ್ಕನೆಯದರಲ್ಲಿ ತಪ್ಪೇ ಇತ್ತು. ಮಾವನವರ ನೋಂದಣಿ ಸಂಖ್ಯೆಯನ್ನು ಬಿಟ್ಟು, ನೋಂದಣಿಯಿಲ್ಲದ ಗಿರಾಕಿಗೆ ಮಾರಿದಂತೆ ಬರೆದಿದ್ದರು. ಸರ್ಕಾರಕ್ಕೆ ತೆರಿಗೆ ಸಂದಿದ್ದರೂ ಅದು ನಮ್ಮ ಹೆಸರಿಗೆ ಬಾರದು. ಇದು ಕಾದರೆ ಸರಿಹೋಗುವಂಥದಲ್ಲ. ಮಾರಿದವರೇ ಮುಂದಿನ GSTR-1ರಲ್ಲಿ ತಿದ್ದಬೇಕು. 2025–26ನೆಯ ಸಾಲಿನ ಬಿಲ್ಲಿನ ಜಮೆ ಪಡೆಯುವುದಕ್ಕೆ 2026ರ ನವೆಂಬರ್ 30 ಕೊನೆಯ ಗಡುವು. ಅದಕ್ಕೆ ಮೊದಲೇ ವಾರ್ಷಿಕ ಲೆಕ್ಕ ಸಲ್ಲಿಸಿದರೆ ಗಡುವೂ ಅಂದಿಗೇ ಮುಗಿಯಿತು.

ಹೀಗೆ ಆ ತಿಂಗಳು ದಕ್ಕಿದ ಜಮೆ 27,000, ಕಟ್ಟಬೇಕಾದುದು 18,000. ಹೆಚ್ಚಿಗೆ ಬೇಕಾದ 12,600 ರೂಪಾಯಿಗಳನ್ನು ಮಾವ ಕೈಸಾಲ ತಂದರು. ಸಾಲಕ್ಕೆ ಬಡ್ಡಿಯುಂಟು, ತಡೆದ ಜಮೆಗೆ ಬಡ್ಡಿಯಿಲ್ಲ. ಅವರ ಸಂಕಟವೆಲ್ಲ ಈ ಮಾತಿನಲ್ಲಿದೆ.

ಪಟ್ಟಿಯಲ್ಲಿ ಕಂಡಿತೆಂದ ಮಾತ್ರಕ್ಕೆ ನಿಶ್ಚಿಂತೆಯಾಗಿರುವಂತೆಯೂ ಇಲ್ಲ. ಮಾರಿದವನು GSTR-1ರಲ್ಲಿ ತೋರಿಸಿ, ತೆರಿಗೆ ಕಟ್ಟುವ GSTR-3B ಪತ್ರವನ್ನು ಸಾಲು ಮುಗಿದ ಮೇಲೆ ಬರುವ ಸೆಪ್ಟೆಂಬರ್ 30ರೊಳಗೂ ಸಲ್ಲಿಸದಿದ್ದರೆ, ಕೊಂಡವನು ನವೆಂಬರ್ 30ರೊಳಗೆ ಆ ಜಮೆಯನ್ನು ಹಿಂತಿರುಗಿಸಬೇಕು. ಅವನು ಸಲ್ಲಿಸಿದ ಮೇಲೆ ಮತ್ತೆ ಪಡೆಯಬಹುದು. ಸರಕು ಕೈಸೇರಿರಬೇಕೆಂಬುದೂ ಒಂದು ಷರತ್ತು. ನಮ್ಮ ರಾಜ್ಯದ ಹಳೆಯ ಮೌಲ್ಯವರ್ಧಿತ ತೆರಿಗೆಯ ಕಾಲದ ಈಕಾಂ ಗಿಲ್ ಕಾಫಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಮಾರ್ಚ್ 13ರಂದು ಇದೇ ಅರ್ಥದ ತೀರ್ಪು ಕೊಟ್ಟಿದೆ: ಬಿಲ್ಲು ಮತ್ತು ಚೆಕ್ಕು ಮಾತ್ರ ಸಾಲವು, ಸರಕು ತಂದ ಲಾರಿಯ ವಿವರ, ಬಾಡಿಗೆಯ ರಸೀತಿ ಮುಂತಾದುವುಗಳಿಂದ ವ್ಯವಹಾರ ನಿಜವೆಂದು ಕೊಂಡವನೇ ರುಜುವಾತುಪಡಿಸಬೇಕು.

ಈಗ ಮಾವ ಹೊಸ ಪದ್ಧತಿಯೊಂದನ್ನು ಹಿಡಿದಿದ್ದಾರೆ. ಸರಕಿನ ಬೆಲೆಯನ್ನು ಕೂಡಲೆ ಕೊಟ್ಟು, ತೆರಿಗೆಯ ಭಾಗವನ್ನು ಬಿಲ್ಲು ಪಟ್ಟಿಯಲ್ಲಿ ಕಂಡ ಮೇಲೆ ಕೊಡುತ್ತಾರೆ. ಬಿಲ್ಲಿನ ತಾರೀಖಿನಿಂದ 180 ದಿನಗಳೊಳಗೆ ಪೂರ್ತಿ ಹಣ ಸಲ್ಲಿಸದಿದ್ದರೆ ಪಡೆದ ಜಮೆಯನ್ನು ಹಿಂದಕ್ಕೆ ಕೊಡಬೇಕಾಗುವುದರಿಂದ ಆ ಗಡುವನ್ನು ಮಾತ್ರ ಮೀರುವುದಿಲ್ಲ. ಮಾರುವವರಲ್ಲಿ ಕೆಲವರು ಇದಕ್ಕೆ ಒಪ್ಪಿದ್ದಾರೆ, ಕೆಲವರು ಮುನಿದಿದ್ದಾರೆ. "ಇದ್ಯಾವ ನ್ಯಾಯ?" ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಪ್ರತಿ ತಿಂಗಳು 14ರ ಸಂಜೆ ಬಿಲ್ಲುಗಳ ಕಟ್ಟನ್ನು ಬಿಚ್ಚಿಕೊಂಡು ಇಬ್ಬರೂ ತಾಳೆ ನೋಡಲು ಕೂಡುತ್ತೇವೆ.